ಒಂದೇ ಸೆಂಟು ಸಾಕು ಅಂಬೋರಿಗೆ

"ದಿನಾ ಒಂದೇ ಸೆಂಟು ಹಾಕ್ರಿ, ಅದೇ ನಮ್ಮ ಗುರುತು" ಅಂತಾರೆ ಚಳ್ಳಕೆರೆಯಾಗೆ ಕೆಲವರು. ನಾನು ಒಪ್ಪಲ್ಲ. ದಿನಾ ಅದೇ ವಾಸನೆಯಾದ್ರೆ ಹಾಕ್ಕೊಂಡೋರ ಮೂಗಿಗೆ ಅದು ಗೊತ್ತಾಗೋದೇ ನಿಲ್ತೈತೆ. ವಾಸನೆ ಹೋಯ್ತು ಅಂದ್ಕೊಂಡು ಎರಡು ಸಲ ಹೊಡೆಯೋರು ನಾಕು ಸಲ ಹೊಡೀತಾರೆ. ಬಸ್ಸಲ್ಲಿ ಪಕ್ಕದೋರು ಕಿಟಕಿ ತೆಗೀತಾರೆ. ನಮ್ಮ ಏಪ್ರಿಲ್ ಬಿಸಿಲಿಗಂತೂ ಸೆಂಟು ಬೇಗ ಆವಿಯಾಗಿ ಇನ್ನೂ ಜೋರಾಗಿ ಹರಡ್ತೈತೆ.

ಅದಕ್ಕೇ ಬದಲಾಯಿಸ್ರಿ. ಬೇಸಿಗೆಗೆ ಲಾವಂಚ, ಚಳಿಗೆ ಗಂಧದ ಅತ್ತರು, ವಾರದಾಗೆ ಎರಡು ದಿನ ಏನೂ ಬ್ಯಾಡ. ನಾಕು ದಿನ ಬಿಟ್ಟು ಹಚ್ಚಿದ್ರೆ ಮೂಗು ಮತ್ತೆ ಹಿಡೀತೈತೆ, ಒಂದು ಹನಿಗೇ ಸಾಕಾಗ್ತೈತೆ. ಮೊಳಕಾಲ್ಮೂರು ಸೀರೆ ಉಡೋ ದಿನ ಮೊದಲು ಅತ್ತರು ಮೈಗೆ ಹಚ್ಚಿ, ಅದು ಹೀರಿದ ಮ್ಯಾಲೆ ಸೀರೆ ಮುಟ್ರಿ. ರೇಷ್ಮೆಗೆ ಎಣ್ಣೆ ಕಲೆ ಕೂತ್ರೆ ತೆಗೆಯೋದು ಕಷ್ಟ. ಹೆಚ್ಚಾಯ್ತಾ ಅಂತ ನಿಮ್ಮ ಮೂಗನ್ನ ಕೇಳಬ್ಯಾಡ್ರಿ, ಒಂದು ಮಾರು ದೂರ ನಿಂತೋರನ್ನ ಕೇಳ್ರಿ.