ವಿದ್ಯಾಸಾಲದ ಬಿಡುವಿನ ಕಾಲ

ವ್ಯಾಸಂಗಕ್ಕಾಗಿ ಬ್ಯಾಂಕಿನಿಂದ ಸಾಲ ಪಡೆದವರು ಓದುವಷ್ಟು ಕಾಲವೂ, ಓದು ಮುಗಿದ ಮೇಲೆ ಮತ್ತೊಂದು ವರ್ಷವೂ ಕಂತು ಕಟ್ಟಬೇಕಾಗಿಲ್ಲವೆಂಬ ಏರ್ಪಾಡಿಗೆ ಮೊರಟೋರಿಯಂ ಎಂದು ಹೆಸರು. ಭಾರತೀಯ ಬ್ಯಾಂಕುಗಳ ಸಂಘವು ರೂಪಿಸಿದ ಮಾದರಿ ಯೋಜನೆಯನ್ನು ಅನುಸರಿಸುವ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಇದೇ ಪದ್ಧತಿ. ಗಳಿಕೆಯಿಲ್ಲದವರಿಂದ ಕಂತನ್ನು ಕೇಳಬಾರದೆಂಬುದು ಇದರ ಹಿಂದಿರುವ ನ್ಯಾಯ; ಯುಕ್ತವಾದ ನ್ಯಾಯವೇ. ಆದರೆ ಬ್ಯಾಂಕು ಕೇಳದೆ ಇರುವ ಕಾಲದಲ್ಲಿ ಲೆಕ್ಕವನ್ನೂ ಬರೆಯದೆ ಇರುತ್ತದೆಂದು ಅನೇಕ ಗೃಹಸ್ಥರು ನಂಬಿಕೊಂಡಿರುವುದರಿಂದ, ಕಟ್ಟದೆ ಇರಲು ಅವಕಾಶವಿರುವಾಗ ಕಟ್ಟದೆ ಇರುವುದೇ ಲಾಭವೇ ಎಂಬ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ವಿಚಾರಿಸುವುದು ಅವಶ್ಯ.

ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿಗೆ ಸೇರಿದ ಒಬ್ಬ ಹುಡುಗಿಯ ಸಾಲವನ್ನು ತೆಗೆದುಕೊಳ್ಳೋಣ. ಬ್ಯಾಂಕು ಪ್ರತಿವರ್ಷದ ಆರಂಭದಲ್ಲಿ 1,50,000 ರೂಪಾಯಿಯಂತೆ ಒಟ್ಟು 6,00,000 ರೂಪಾಯಿಯನ್ನು ಕಾಲೇಜಿಗೆ ಸಲ್ಲಿಸುತ್ತದೆ. ಬಡ್ಡಿ, ಲೆಕ್ಕದ ಅನುಕೂಲಕ್ಕೆ, ಶೇಕಡಾ 10 ಎನ್ನೋಣ. ಬಡ್ಡಿಯು ಮಂಜೂರಾದ ಮೊತ್ತದ ಮೇಲಲ್ಲ, ಬಿಡುಗಡೆಯಾದ ಹಣದ ಮೇಲೆ ಮಾತ್ರ, ಬಿಡುಗಡೆಯಾದ ದಿನದಿಂದ ಓಡತೊಡಗುತ್ತದೆ. ಆದುದರಿಂದ ಮೊದಲನೆಯ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು ವರ್ಷದ್ದು, ಹೀಗೆ ಇಳಿಯುತ್ತ ಕೊನೆಯ ವರ್ಷದ ಹಣಕ್ಕೆ ಎರಡು ವರ್ಷದ ಬಡ್ಡಿ ಸೇರಿ, ಬಿಡುವಿನ ಅವಧಿ ಮುಗಿಯುವ ಹೊತ್ತಿಗೆ ಬಡ್ಡಿಯೊಂದೇ 2,10,000 ರೂಪಾಯಿ ಆಗಿರುತ್ತದೆ. ಈ ಅವಧಿಯಲ್ಲಿ ಮಾದರಿ ಯೋಜನೆಯಂತೆ ಹಾಕುವುದು ಸರಳ ಬಡ್ಡಿ. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವುದಿಲ್ಲ. ಇದೊಂದು ನಿಜವಾದ ಉಪಕಾರವೆಂದು ಒಪ್ಪಲೇಬೇಕು. ಖಾಸಗಿ ಹಣಕಾಸು ಸಂಸ್ಥೆಗಳ ಕರಾರುಗಳು ಬೇರೆಯಾಗಿರಬಹುದಾದುದರಿಂದ ಅಲ್ಲಿ ಸಾಲ ಮಾಡಿದವರು ಕರಾರುಪತ್ರದಲ್ಲಿ ಈ ಅಂಶವನ್ನು ಮೊದಲು ನೋಡತಕ್ಕದ್ದು.

ಆದರೆ ಈ ಉಪಕಾರಕ್ಕೂ ಒಂದು ಕೊನೆಯ ದಿನವುಂಟು. ಮೊರಟೋರಿಯಂ ಮುಗಿದು ಕಂತು ಆರಂಭವಾಗುವಾಗ, ಅಲ್ಲಿಯವರೆಗೆ ಬೇರೆಯಾಗಿ ನಿಂತಿದ್ದ ಬಡ್ಡಿಯೆಲ್ಲ ಅಸಲಿಗೆ ಸೇರಿ, 6,00,000 ರೂಪಾಯಿಯ ಸಾಲವು 8,10,000 ರೂಪಾಯಿಯ ಸಾಲವಾಗುತ್ತದೆ. ಮುಂದಿನ ಬಡ್ಡಿ ಈ ಹೊಸ ಮೊತ್ತದ ಮೇಲೆ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 10,700 ರೂಪಾಯಿ ಬೀಳುತ್ತದೆ. ಬಡ್ಡಿಯನ್ನು ಆಗಾಗ್ಗೆ ತೀರಿಸಿ ಸಾಲವನ್ನು 6,00,000ದಲ್ಲೇ ನಿಲ್ಲಿಸಿದ್ದರೆ ಅದೇ ಕಂತು ಸುಮಾರು 7,930 ರೂಪಾಯಿ ಮಾತ್ರ. ಅಂದು ಕಟ್ಟದೆ ಬಿಟ್ಟ 2,10,000 ರೂಪಾಯಿ, ಮುಂದಿನ ಹತ್ತು ವರ್ಷದಲ್ಲಿ ಸುಮಾರು 3,33,000 ರೂಪಾಯಿಯಾಗಿ ವಸೂಲಾಗುತ್ತದೆಂಬುದು ಇದರ ಅರ್ಥ. ಓದಿನ ಕಾಲದಲ್ಲಿ ಬಡ್ಡಿಯನ್ನು ತಪ್ಪದೆ ತೀರಿಸುತ್ತ ಬಂದವರಿಗೆ ಬಡ್ಡಿದರದಲ್ಲಿ ಶೇಕಡಾ 1ರ ರಿಯಾಯಿತಿಗೂ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಇದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದು ಅಪರೂಪ.

ಹಾಗೆಂದು ಎಲ್ಲರೂ ಮೊದಲ ದಿನದಿಂದಲೇ ಬಡ್ಡಿ ಕಟ್ಟಬೇಕೆಂದು ವಿಧಿಸುವುದು ನನ್ನ ಅಭಿಪ್ರಾಯವಲ್ಲ. ಕೈಸಾಲ ಮಾಡಿ, ಚಿನ್ನ ಅಡವಿಟ್ಟು ಬ್ಯಾಂಕಿನ ಬಡ್ಡಿಯನ್ನು ಕಟ್ಟುವವರು ಕಡಿಮೆ ಬಡ್ಡಿಯನ್ನು ತೀರಿಸಲು ಹೆಚ್ಚಿನ ಬಡ್ಡಿಯನ್ನು ತಲೆಯ ಮೇಲೆ ಹೊತ್ತುಕೊಂಡಂತಾಗಬಹುದು. ಇನ್ನು ಕುಟುಂಬದ ವಾರ್ಷಿಕ ಆದಾಯ 4,50,000 ರೂಪಾಯಿಯನ್ನು ಮೀರದೆ, ಓದು ವೃತ್ತಿಪರ ಅಥವಾ ತಾಂತ್ರಿಕ ಶಿಕ್ಷಣವಾಗಿದ್ದರೆ, 2009ರಿಂದ ಜಾರಿಯಲ್ಲಿರುವ ಕೇಂದ್ರ ಸರಕಾರದ ಬಡ್ಡಿ ಸಹಾಯಧನದ ಯೋಜನೆಯು ನಿಯಮಗಳಿಗೊಳಪಟ್ಟು ಬಿಡುವಿನ ಅವಧಿಯ ಬಡ್ಡಿಯನ್ನು ತಾನೇ ಭರಿಸುತ್ತದೆ. ಅಂಥವರು ಕಟ್ಟುವುದಕ್ಕಿಂತ ಆದಾಯ ಪ್ರಮಾಣಪತ್ರವನ್ನು ಶಾಖೆಗೆ ಸಕಾಲದಲ್ಲಿ ತಲುಪಿಸುವುದರ ಕಡೆಗೆ ಗಮನ ಕೊಡುವುದು ಮೇಲು.

ನನ್ನ ವಾದ ಮುಖ್ಯವಾಗಿ ಓದು ಮುಗಿದ ಮೇಲಿನ ಆ ಒಂದು ವರ್ಷವನ್ನು ಕುರಿತದ್ದು. ಕೆಲಸ ಸಿಕ್ಕಿದೆ, ಸಂಬಳ ಬರುತ್ತಿದೆ, ಆದರೆ ಕಂತು ಇನ್ನೂ ಆರಂಭವಾಗಿಲ್ಲ. ಇಂಥ ಸಂಧಿಕಾಲದಲ್ಲಿ ಮೇಲೆ ಹೇಳಿದ ಹುಡುಗಿ ತಿಂಗಳಿಗೆ 5,000 ರೂಪಾಯಿಯಂತೆ ವರ್ಷದಲ್ಲಿ 60,000 ರೂಪಾಯಿ ಕಟ್ಟಿದರೆ, ಸಾಲವು 8,10,000ಕ್ಕೆ ಬದಲಾಗಿ 7,50,000ದಲ್ಲಿ ನಿಂತು, ಕಂತು ಸುಮಾರು 9,910 ರೂಪಾಯಿಗೆ ಇಳಿದು, ಹತ್ತು ವರ್ಷದಲ್ಲಿ 95,000 ರೂಪಾಯಿಯ ಭಾರ ಕಡಿಮೆಯಾಗುತ್ತದೆ.

ಇನ್ನು ಮರುಪಾವತಿಯ ಅವಧಿ. ಮಾದರಿ ಯೋಜನೆಯು 15 ವರ್ಷದವರೆಗೆ ಅವಕಾಶ ಕೊಡುತ್ತದೆ. 8,10,000 ರೂಪಾಯಿಗೆ ಹತ್ತು ವರ್ಷವಾದರೆ ತಿಂಗಳಿಗೆ 10,700, ಹದಿನೈದು ವರ್ಷವಾದರೆ 8,700. ತಿಂಗಳಿಗೆ 2,000 ಉಳಿದಂತೆ ಕಂಡರೂ ಕಟ್ಟುವ ಒಟ್ಟು ಮೊತ್ತ ಸುಮಾರು 2,82,000 ರೂಪಾಯಿ ಹೆಚ್ಚು. ಹೀಗಿರುವಾಗ ಅಲ್ಪಾವಧಿಯೇ ಶ್ರೇಯಸ್ಕರವೆಂದು ಹಿರಿಯರು ಹೇಳುವುದು ಸಹಜವಾದರೂ ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಹೊಸ ಕೆಲಸ ಕೈಬಿಟ್ಟು ಹೋದ ತಿಂಗಳಲ್ಲಿ 10,700ರ ಕಂತು ಕರುಣೆ ತೋರುವುದಿಲ್ಲ. ಬಾಕಿ 90 ದಿನ ಮೀರಿದರೆ ಖಾತೆಯು ಅನುತ್ಪಾದಕ ಆಸ್ತಿಯೆನಿಸಿ, ಸಹಸಾಲಗಾರನಾದ ತಂದೆಯ ಸಿಬಿಲ್ ದಾಖಲೆಯೂ ಕೆಡುತ್ತದೆ. ಆದುದರಿಂದ ಕರಾರು ಹದಿನೈದು ವರ್ಷಕ್ಕಿರಲಿ, ಕಟ್ಟುವುದು ಹತ್ತು ವರ್ಷದ ಕಂತಿನಷ್ಟಿರಲಿ. ಬಡ್ಡಿದರ ಬದಲಾಗದಿದ್ದರೆ, ತಿಂಗಳಿಗೆ 2,000 ಹೆಚ್ಚಿಗೆ ಕಟ್ಟಿದವರ ಸಾಲ ಹತ್ತು ವರ್ಷಕ್ಕೇ ತೀರುತ್ತದೆ, ಕಷ್ಟಕಾಲದಲ್ಲಿ 8,700ಕ್ಕೆ ಇಳಿಯುವ ಸ್ವಾತಂತ್ರ್ಯವೂ ಉಳಿಯುತ್ತದೆ. ವ್ಯಕ್ತಿಗಳು ಫ್ಲೋಟಿಂಗ್ ಬಡ್ಡಿಯಲ್ಲಿ ಪಡೆದ ಇಂಥ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ಹೆಚ್ಚಿನ ಹಣವನ್ನು ಮುಂದಿನ ಕಂತಿನ ಮುಂಗಡವೆಂದು ಬರೆದುಕೊಳ್ಳದೆ ಅಸಲಿಗೆ ಜಮಾ ಮಾಡಬೇಕೆಂದು ಲಿಖಿತವಾಗಿ ತಿಳಿಸುವುದೊಂದೇ ಇಲ್ಲಿ ವಹಿಸಬೇಕಾದ ಎಚ್ಚರ. ಮನಸ್ಸಿಗೆ ಅಷ್ಟು ಕಟ್ಟುಪಾಡು ಇಲ್ಲವೆಂದು ತಾವೇ ಬಲ್ಲವರು ಹತ್ತು ವರ್ಷದ ಕರಾರನ್ನೇ ಬರೆದುಕೊಡಲಿ.

ಮೊದಲು ಸಣ್ಣ ಕಂತು, ಸಂಬಳ ಏರಿದಂತೆ ದೊಡ್ಡ ಕಂತು ಎಂಬ ಏರುಕಂತಿನ ಪದ್ಧತಿಯೂ ಕೆಲವೆಡೆ ಉಂಟು. ಅದನ್ನು ಪರೀಕ್ಷಿಸಲು ಒಂದೇ ಲೆಕ್ಕ ಸಾಕು: 8,10,000 ರೂಪಾಯಿಗೆ ಶೇಕಡಾ 10ರಂತೆ ಮೊದಲ ತಿಂಗಳ ಬಡ್ಡಿ 6,750, ಆರಂಭದ ಕಂತು ಇದಕ್ಕಿಂತ ಕಡಿಮೆಯಾದರೆ, ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತಿರುತ್ತದೆ.

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ ಈ ಸಾಲದ ಬಡ್ಡಿಯ ಮೇಲೆ ವಿನಾಯಿತಿಯುಂಟು, ಅಸಲಿನ ಮೇಲಿಲ್ಲ. ಅದು ಬಡ್ಡಿ ಕಟ್ಟಲು ತೊಡಗಿದ ವರ್ಷದಿಂದ ಎಂಟು ವರ್ಷಕ್ಕೆ ಮಾತ್ರ ಸೀಮಿತವಾಗಿರುವುದರಿಂದ, ಹದಿನೈದು ವರ್ಷ ಎಳೆದ ಸಾಲದ ಉತ್ತರಾರ್ಧಕ್ಕೆ ಈ ಆಸರೆ ಇರುವುದಿಲ್ಲ.

ಓದು ಮುಗಿಯುತ್ತಿರುವವರು ಶಾಖೆಗೆ ಒಮ್ಮೆ ಹೋಗಿ, ಈವರೆಗೆ ಸೇರಿದ ಬಡ್ಡಿ ಎಷ್ಟು, ಅದು ಅಸಲಿಗೆ ಸೇರುವ ತಾರೀಕು ಯಾವುದು, ಎರಡು ಅವಧಿಗಳಿಗೆ ಕಂತು ಎಷ್ಟೆಷ್ಟು ಎಂಬುದನ್ನು ಬರೆಸಿಕೊಂಡು ಬರಲಿ. ಆ ತಾರೀಕಿಗೆ ಮೊದಲು ಕೈಯಲ್ಲಿ ಹಣವಿದ್ದರೆ ಬಡ್ಡಿಯನ್ನು ಆದಷ್ಟು ಕಟ್ಟಲಿ.