ಟೀಸರ್ ಮೊದಲೋ, ಮಗ್ಗ ಮೊದಲೋ?

ಟೀಸರ್, ಆಮೇಲೆ ಅನಾವರಣ, ಆಮೇಲೆ ಪುರಾವೆ, ಕೊನೆಗೆ ಫಾಲೋಅಪ್. ನಾಲ್ಕು ವಾರ, ನಾಲ್ಕು ಥರದ ಪೋಸ್ಟು. ಹೊಸ ಸಾಮಾನು ಮಾರುವ ಯಾರನ್ನು ಕೇಳಿದರೂ ಇದೇ ಮಂತ್ರ ಹೇಳ್ತಾರೆ. ಮೊಬೈಲ್ ಆಪ್‌ಗೆ ಇದು ಸರಿ ಇರಬಹುದು. ಕೈಮಗ್ಗದ ಸೀರೆಗೆ ಇದು ಶುದ್ಧ ಅವಿವೇಕ ಅಂತ ನನ್ನ ವಾದ.

ನಾನು ಚಳ್ಳಕೆರೆಯವನು. ಮೊಳಕಾಲ್ಮೂರಿನ ಸೋದರಮಾವನ ಮನೆಯಲ್ಲಿ 2 ಮಗ್ಗ ಇವೆ. ಕಳೆದ ವರ್ಷ ಈ ಮಂತ್ರ ನಂಬಿ ಅವರಿಗೆ ಪ್ಲಾನ್ ಮಾಡಿಕೊಟ್ಟ ಮಹಾನುಭಾವ ನಾನೇ! ನೂಲು ಬಣ್ಣಕ್ಕೆ ಹೋದ ದಿನವೇ ಅಂಚಿನ ಫೋಟೋ ಹಾಕಿ "ಏನೋ ಬರ್ತಿದೆ..." ಅಂದೆ. ಎಂಟನೇ ದಿನ ಅನಾವರಣ. ಆಗಿನ್ನೂ ಮಗ್ಗಕ್ಕೆ ಹಾಸು ಹೂಡಿರಲಿಲ್ಲ, ಹಾಗಾಗಿ ಹಳೇ ಸೀರೆಯ ಫೋಟೋ ಹಾಕಿದೆವು. 19 ಆರ್ಡರ್ ಬಂತು. ಮಾವ ನಕ್ಕು ಲೆಕ್ಕ ಹೇಳಿದರು: "ಒಂದು ಹಾಸಿಗೆ 3 ಸೀರೆ, ಒಂದೊಂದಕ್ಕೆ 8 ದಿನ. ಎರಡೂ ಮಗ್ಗ ಸೇರಿ 24 ದಿನಕ್ಕೆ 6 ಸೀರೆ ಕಣಪ್ಪಾ. ಉಳಿದ 13 ಎಲ್ಲಿಂದ ತರಲಿ?" ಮೇಲಿಂದ ಹೊಸ ಬಣ್ಣ ಫೋಟೋದ ಬಣ್ಣಕ್ಕೆ ಹೊಂದಲಿಲ್ಲ. ದುಡ್ಡು ವಾಪಸ್ ಕೊಟ್ಟಿದ್ದೇ ಬಂತು.

ಅದಕ್ಕೇ ಹೇಳೋದು, ಕ್ಯಾಲೆಂಡರ್ ಮಗ್ಗದಿಂದ ಶುರುವಾಗಬೇಕು. ಪ್ರತಿ ಮಗ್ಗದಲ್ಲೂ ಮೊದಲ ಸೀರೆ ಇಳಿದ ಮೇಲೆ ಟೀಸರ್. ಎರಡನೆಯದು ಇಳಿದಾಗ ಅನಾವರಣ: ಬೆಲೆ, ಬಣ್ಣ, "ಒಟ್ಟು 6 ಮಾತ್ರ", ಕಳಿಸುವ ತಾರೀಖು.

ಪುರಾವೆಯನ್ನು ಮೂರನೇ ವಾರಕ್ಕೆ ಇಡೋದು ಇನ್ನೂ ದೊಡ್ಡ ತಪ್ಪು. ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದು ಅಂತ ಕೊಂಡು ಮೋಸಹೋದವರು ದುಡ್ಡು ಕೊಡೋ ಮುಂಚೆಯೇ ಪುರಾವೆ ಕೇಳ್ತಾರೆ. ಅವರದ್ದು ಮೂರು ಬೇರೆ ಬೇರೆ ಪ್ರಶ್ನೆ. ರೇಷ್ಮೆ ಅಸಲಿಯಾ? ಅದಕ್ಕೆ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಉತ್ತರ. ಆದರೆ ಅದು ಕೈಮಗ್ಗ ಅಂತ ಹೇಳೋದಿಲ್ಲ, ಪವರ್‌ಲೂಮಿನ ಅಪ್ಪಟ ರೇಷ್ಮೆಗೂ ಅದು ಸಿಗುತ್ತೆ. ಕೈಯಲ್ಲಿ ನೇಯ್ದದ್ದಾ? ಅದಕ್ಕೆ 2006ರ ಹ್ಯಾಂಡ್‌ಲೂಮ್ ಮಾರ್ಕ್. ಮೊಳಕಾಲ್ಮೂರಿನದೇನಾ? ಅದಕ್ಕೆ ಈ ಸೀರೆಗಿರುವ ಜಿಐ ಮಾನ್ಯತೆ. ಒಂದು ಚೀಟಿ ತೋರಿಸಿ ಮೂರಕ್ಕೂ ಉತ್ತರ ಕೊಟ್ಟೆವು ಅಂದುಕೊಂಡರೆ ಅದು ನಮ್ಮ ಭ್ರಮೆ. ಚೀಟಿಗಳ ಜೊತೆಗೆ, ಮಾರೋ ಸೀರೆಯೇ ಮಗ್ಗದ ಮೇಲಿರುವ ವಿಡಿಯೋ, ಬಿಸಿಲಲ್ಲಿ ತೆಗೆದ ಬಣ್ಣದ ಫೋಟೋ, ಇಷ್ಟೂ ಅನಾವರಣದ ದಿನವೇ ಇರಬೇಕು.

ತಪ್ಪು ಎಲ್ಲಾಗಿದೆ ಅಂತ ಬರೋ ಮೆಸೇಜೇ ಹೇಳುತ್ತೆ. "ಯಾವಾಗ ಬರುತ್ತೆ?" ಅಂತ ಪದೇ ಪದೇ ಬಂದರೆ ಟೀಸರ್ ಅವಸರವಾಯ್ತು. "ಕೈಮಗ್ಗದ್ದೇನಾ?" ಅಂತ ಬಂದರೆ ಪುರಾವೆ ತಡವಾಯ್ತು.

ಫಾಲೋಅಪ್ ಅಂದ್ರೆ "ಥ್ಯಾಂಕ್ಯೂ" ಪೋಸ್ಟ್ ಅಲ್ಲ. ಸೀರೆ ಸಿಗದವರ ಪಟ್ಟಿ ಇಟ್ಟುಕೊಂಡು, ಮುಂದಿನ ಹಾಸಿನ ಬಣ್ಣ ಅವರನ್ನೇ ಕೇಳಿ, ಮುಂಗಡ ಪಡೆದ ಮೇಲೆ ನೂಲು ಬಣ್ಣಕ್ಕೆ ಕಳಿಸೋದು. ಈ ಸಲ ಹಾಗೆ ಮಾಡಿದೆವು. ಆರಕ್ಕೆ ಆರೂ ಹೋದವು, ಒಂದೂ ವಾಪಸ್ ಬರಲಿಲ್ಲ.

"ಹೈಪ್ ಇಲ್ಲದೆ ಯಾರು ಕೊಳ್ತಾರೆ?" ಅನ್ನೋರು ಇದ್ದಾರೆ. ಸ್ವಾಮಿ, 6 ಸೀರೆ ಮಾರಲು 6 ಜನ ಸಾಕು. ನೀವೇನಂತೀರಿ?