ಉಚಿತ ಓದಿನ ಹನ್ನೆರಡು ಲಕ್ಷ

ಹೋದ ವರ್ಷ ನಮ್ಮ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ‘ವಿದೇಶದಲ್ಲಿ ಉನ್ನತ ಶಿಕ್ಷಣ’ ಎಂಬ ಒಂದು ದಿನದ ಕಾರ್ಯಾಗಾರ ನಡೆಯಿತು. ಭಾಷಣಕ್ಕೆ ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದ ಎಂ.ಎಸ್ಸಿ. ಹುಡುಗರಿಗೆ, “ಜರ್ಮನಿಯಲ್ಲಿ ಓದು ಉಚಿತ. ಪ್ರತಿಭೆಯೊಂದಿದ್ದರೆ ಸಾಕು, ಹಣ ಅಡ್ಡಿಯೇ ಅಲ್ಲ” ಎಂದರು. ಚಪ್ಪಾಳೆ ಬಿತ್ತು. ನಾನು ಹಿಂದಿನ ಸಾಲಿನಲ್ಲಿದ್ದೆ, ಚಪ್ಪಾಳೆ ತಟ್ಟಲಿಲ್ಲ. ಅದೇ ವಾರ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಬಳೆ ಬಿಚ್ಚಿ ಕವರಿಗೆ ಹಾಕಿ ಕೊಟ್ಟಿದ್ದಳು. ಆ ಉಚಿತ ಓದಿಗೇ.

ತಮ್ಮನಿಗೆ ಜರ್ಮನಿಯ ಸಾರ್ವಜನಿಕ ವಿಶ್ವವಿದ್ಯಾಲಯವೊಂದರಲ್ಲಿ 2025ರ ಅಕ್ಟೋಬರಿಗೆ ಸ್ನಾತಕೋತ್ತರ ಸೀಟು ಸಿಕ್ಕಿತ್ತು. ಬೋಧನಾ ಶುಲ್ಕ ಇಲ್ಲ ಎಂಬುದು ನಿಜ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಒಕ್ಕೂಟದ ಹೊರಗಿನವರು 2017ರಿಂದ ಸೆಮಿಸ್ಟರಿಗೆ 1,500 ಯೂರೊ ಕಟ್ಟುತ್ತಾರೆ. ಉಳಿದ ಕಡೆ ಬಹುಪಾಲು ಸಾರ್ವಜನಿಕ ವಿಶ್ವವಿದ್ಯಾಲಯಗಳು ಶುಲ್ಕ ಕೇಳುವುದಿಲ್ಲ. ಆದರೆ ವೀಸಾ ಕೇಳುತ್ತದೆ. ಒಂದು ವರ್ಷದ ಬದುಕಿನ ಖರ್ಚು ನಿಮ್ಮ ಬಳಿ ಇದೆಯೆಂದು ಮೊದಲೇ ತೋರಿಸಿ ಎನ್ನುತ್ತದೆ. 2024ರ ಸೆಪ್ಟೆಂಬರಿನಿಂದ ಆ ಮೊತ್ತ ತಿಂಗಳಿಗೆ 992 ಯೂರೊ, ವರ್ಷಕ್ಕೆ 11,904 ಯೂರೊ. ಯೂರೊಗೆ ನೂರು ರೂಪಾಯಿ ಎಂದು ಹಿಡಿದರೆ ಸುಮಾರು ಹನ್ನೆರಡು ಲಕ್ಷ.

ಇದನ್ನು ತೋರಿಸುವ ಸಾಮಾನ್ಯ ದಾರಿ ಬ್ಲಾಕ್ಡ್ ಅಕೌಂಟ್. ಜರ್ಮನರು ಶ್ಪೆರ್‌ಕೊಂಟೊ ಎನ್ನುತ್ತಾರೆ. ಆನ್‌ಲೈನಿನಲ್ಲಿ ವಿದ್ಯಾರ್ಥಿಯ ಹೆಸರಿನಲ್ಲಿ ಖಾತೆ ತೆರೆದು, ಪೂರ್ತಿ ಮೊತ್ತವನ್ನು ಒಮ್ಮೆಗೇ ಹಾಕಬೇಕು. ಹಣ ಪೂರ್ತಿ ಬಂದ ಮೇಲೆ ಸಂಸ್ಥೆ ಒಂದು ದೃಢೀಕರಣ ಪತ್ರ ಕೊಡುತ್ತದೆ. ವೀಸಾ ಅರ್ಜಿಗೆ ಬೇಕಾದದ್ದು ಆ ಪತ್ರ. ಹುಡುಗ ಅಲ್ಲಿಗೆ ಹೋಗಿ, ವಿಳಾಸ ನೋಂದಾಯಿಸಿ, ಅಲ್ಲಿನ ಸಾಮಾನ್ಯ ಬ್ಯಾಂಕ್ ಖಾತೆ ತೆರೆದ ಮೇಲೆ ಅವನದೇ ಹಣ ತಿಂಗಳಿಗೆ 992ರಂತೆ ಅವನಿಗೆ ಬಿಡುಗಡೆಯಾಗುತ್ತದೆ. ವೀಸಾ ಸಿಗದಿದ್ದರೆ ನಿರಾಕರಣೆಯ ಪತ್ರ ತೋರಿಸಿ ಹಣ ವಾಪಸು ಪಡೆಯಬಹುದು.

ಈ ವ್ಯವಸ್ಥೆಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಇದು ಸುಳ್ಳು ಹೇಳಲು ಬಿಡುವುದಿಲ್ಲ. ಬ್ರಿಟನ್ನಿನ ನಿಯಮವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಬೇಕಾದ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು, ಒಂದು ದಿನವೂ ಅದಕ್ಕಿಂತ ಕೆಳಗಿಳಿಯಬಾರದು, ಆ ಅವಧಿ ಮುಗಿದ ದಿನ ಅರ್ಜಿಗೆ 31 ದಿನದ ಒಳಗಿರಬೇಕು. ಖಾತೆ ವಿದ್ಯಾರ್ಥಿಯದ್ದಿರಬಹುದು, ಇಲ್ಲವೇ ಅಪ್ಪ ಅಮ್ಮನದ್ದಿರಬಹುದು. ಅವರದ್ದಾದರೆ ಸಂಬಂಧಕ್ಕೆ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಲಗತ್ತಿಸಬೇಕು. ಸೋದರಮಾವನ ಖಾತೆಯಲ್ಲಿ ಎಷ್ಟು ಕೋಟಿ ಇದ್ದರೂ ಲೆಕ್ಕಕ್ಕಿಲ್ಲ. ಈ ನಿಯಮದ ಸುತ್ತ ನಮ್ಮಲ್ಲಿ ಒಂದು ದಂಧೆಯೇ ಇದೆ: ಬಡ್ಡಿ ತೆಗೆದುಕೊಂಡು ತಿಂಗಳ ಮಟ್ಟಿಗೆ ಖಾತೆಯಲ್ಲಿ ‘ದುಡ್ಡು ತೋರಿಸಿಕೊಡುವವರು’. ಕೆಲಸ ಮುಗಿದೊಡನೆ ಹಣ ಅವರಿಗೇ ವಾಪಸು. ಹುಡುಗಿ ಲಂಡನ್ನಿಗೆ ಇಳಿಯುವಾಗ ಅವಳ ಕೈಯಲ್ಲಿ ಸ್ಟೇಟ್‌ಮೆಂಟ್ ಇರುತ್ತದೆ, ಬಾಡಿಗೆಗೆ ಕಾಸಿರುವುದಿಲ್ಲ. ದಾಖಲೆಯೇ ನಕಲಿ ಎಂದು ಸಾಬೀತಾದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚಬಹುದು. ಬ್ಲಾಕ್ಡ್ ಅಕೌಂಟಿನಲ್ಲಿ ಈ ಆಟ ನಡೆಯುವುದಿಲ್ಲ. ಹಾಕಿದ ಹಣವನ್ನು ಸಾಲಗಾರ ಮರುವಾರ ಎಳೆದುಕೊಳ್ಳಲಾರ, ಹುಡುಗ ನಿಜವಾಗಿಯೂ ಅದನ್ನು ತಿಂದು ಬದುಕುತ್ತಾನೆ. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ.

ನನ್ನ ತಕರಾರು ಬೇರೆ. ಈ ಪುರಾವೆ ‘ನಿನ್ನ ಮನೆಯವರು ನಿನ್ನನ್ನು ಓದಿಸಬಲ್ಲರೇ’ ಎಂದು ಕೇಳುವುದಿಲ್ಲ. ‘ನಿನ್ನ ಮನೆಯವರು ಹನ್ನೆರಡು ಲಕ್ಷ ನಗದನ್ನು ಒಂದೇ ದಿನ ಒಂದೇ ಕಡೆ ನಿಲ್ಲಿಸಬಲ್ಲರೇ’ ಎಂದು ಕೇಳುತ್ತದೆ. ಇವೆರಡೂ ಒಂದೇ ಪ್ರಶ್ನೆಯಲ್ಲ. ಸಂಬಳದ ಮನೆಗೆ, ಬೆಂಗಳೂರಿನಲ್ಲಿ ಫ್ಲ್ಯಾಟಿರುವ ಮನೆಗೆ ಅವು ಒಂದೇ ಆಗಿ ಕಂಡಾವು. ತೋಟದ ಮನೆಗೆ ಹಾಗಲ್ಲ.

ನಮ್ಮದು ಎರಡು ಎಕರೆ ಅಡಿಕೆ ತೋಟ. ವರ್ಷಕ್ಕೊಮ್ಮೆ ಕೊಯ್ಲು, ಮಂಡಿಗೆ ಹೋದ ಅಡಿಕೆಯ ದುಡ್ಡು ಕಂತಿನಲ್ಲಿ ಬರುತ್ತದೆ, ಕಂತಿನಲ್ಲಿ ಸೊಸೈಟಿ ಸಾಲಕ್ಕೆ ಹೋಗುತ್ತದೆ. ತಿಂಗಳಿಗಿಷ್ಟು ಎಂದು ತಮ್ಮನಿಗೆ ಕಳಿಸು ಎಂದಿದ್ದರೆ ಅಪ್ಪಯ್ಯ ಹೇಗಾದರೂ ಕಳಿಸುತ್ತಿದ್ದರು. ಒಟ್ಟಿಗೆ ಹನ್ನೆರಡು ಲಕ್ಷ ಎಂದಾಗ ನಾವು ಬ್ಯಾಂಕಿಗೆ ಹೋದೆವು.

ಮ್ಯಾನೇಜರ್ ಒಳ್ಳೆಯವರೇ. “ಯಜಮಾನ್ರೇ, ಏಳೂವರೆ ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡ್ತೇವೆ, ಜಾಮೀನು ಒಬ್ರು ಸಾಕು. ಅದರ ಮೇಲೆ ಬೇಕಂದ್ರೆ ಆಸ್ತಿ ತೋರಿಸ್ಬೇಕು” ಎಂದರು. ಅಪ್ಪಯ್ಯ ಪಹಣಿ ಮುಂದಿಟ್ಟರು. ಮ್ಯಾನೇಜರ್ ಅದನ್ನು ಓದಿ ಹಿಂದಕ್ಕೆ ಸರಿಸಿದರು. “ಇದು ಕೃಷಿ ಜಮೀನು. ಶಿಕ್ಷಣ ಸಾಲಕ್ಕೆ ನಡೆಯೋದಿಲ್ಲ.” ಕಾರಣ ಆಮೇಲೆ ಹುಡುಕಿ ಓದಿದೆ. ಸಾಲ ತೀರದಿದ್ದಾಗ ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬಳಸುವುದು 2002ರ ಸರ್ಫೇಸಿ ಕಾಯ್ದೆ. ಅದರ 31ನೇ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ನೆಲ ಸುಲಭಕ್ಕೆ ಹರಾಜಾಗದಿರಲಿ ಎಂದು ಮಾಡಿದ ರಕ್ಷಣೆ ಅದು, ಒಳ್ಳೆಯದೇ. ಆದರೆ ಅದೇ ಕಾರಣಕ್ಕೆ ಆ ನೆಲ ರೈತನ ಮಗನ ಓದಿಗೆ ಬ್ಯಾಂಕಿನ ಕಣ್ಣಲ್ಲಿ ಆಸ್ತಿಯೇ ಅಲ್ಲ. ಅದೇ ಬೆಲೆಯ ಒಂದು ಸೈಟು ಪೇಟೆಯಲ್ಲಿದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.

ಏಳೂವರೆ ಲಕ್ಷಕ್ಕೂ ಇನ್ನೊಂದು ತೊಡಕು ಬಂತು. ಬ್ಯಾಂಕು ಶಿಕ್ಷಣ ಸಾಲವನ್ನು ಕಾಲೇಜಿನ ಶುಲ್ಕದ ಬಿಲ್ಲು ನೋಡಿ ಕಾಲೇಜಿಗೇ ಕಳಿಸುವ ರೂಢಿಯಲ್ಲಿದೆ. ಶುಲ್ಕವೇ ಇಲ್ಲದ ಕಾಲೇಜು ಯಾವ ಬಿಲ್ಲು ಕೊಟ್ಟೀತು? ಓದು ಉಚಿತ ಎಂಬುದೇ ಸಾಲಕ್ಕೆ ಅಡ್ಡ ನಿಂತಿತು. ಕೊನೆಗೆ ಬ್ಲಾಕ್ಡ್ ಅಕೌಂಟಿನ ಸಂಸ್ಥೆ ಖಾತೆ ತೆರೆದಾಗ ಕೊಟ್ಟಿದ್ದ ಪತ್ರ, ಅಂದರೆ ತಮ್ಮನ ಹೆಸರು, ಖಾತೆ ಸಂಖ್ಯೆ, ತುಂಬಬೇಕಾದ ಮೊತ್ತ ಇರುವ ಹಾಳೆಯನ್ನು ‘ಜೀವನ ವೆಚ್ಚ’ದ ದಾಖಲೆಯಾಗಿ ಒಪ್ಪಿಸಲು ನಾನು ಮೂರು ಸಲ ಹೋದೆ. ಈ ದಾರಿಯಲ್ಲಿ ಹೋಗುವವರು ಸಾಲದ ಅರ್ಜಿ ಕೊಡುವ ಮೊದಲೇ ಖಾತೆ ತೆರೆದು ಆ ಪತ್ರ ಕೈಯಲ್ಲಿಟ್ಟುಕೊಳ್ಳಲಿ. ಉಳಿದ ನಾಲ್ಕೂವರೆ ಲಕ್ಷಕ್ಕೆ ಅಮ್ಮನ ಚಿನ್ನ ಎರಡೂವರೆ, ಮಂಡಿಯ ಮುಂಗಡ ಒಂದು, ಚಿಕ್ಕಮ್ಮ ಕೊಟ್ಟದ್ದು ಒಂದು.

ಹಣ ಹೋಯಿತು. ದೃಢೀಕರಣ ಬರಲಿಲ್ಲ. ಕೇಳಿದರೆ 18 ಯೂರೊ ಕಮ್ಮಿ. ನಡುವಿನ ಬ್ಯಾಂಕು ತನ್ನ ಕಮಿಷನ್ ಮುರಿದುಕೊಂಡಿತ್ತು. ಹಣ ಕಳಿಸುವ ಫಾರಮ್ಮಿನಲ್ಲಿ ವೆಚ್ಚವೆಲ್ಲ ಕಳಿಸುವವರದ್ದೇ ಎಂಬ ಆಯ್ಕೆ ಇರುತ್ತದೆ, OUR ಎಂದು. ನಾವು ಅದನ್ನು ಗುರುತು ಮಾಡಿರಲಿಲ್ಲ. 11,886 ಯೂರೊ ಇರುವ ಹುಡುಗ ಈ ಲೆಕ್ಕದಲ್ಲಿ ಏನೂ ಇಲ್ಲದ ಹುಡುಗನಿಗೆ ಸಮ. ಮತ್ತೆ ಕಳಿಸಿ ಪತ್ರ ಬರುವಷ್ಟರಲ್ಲಿ ಒಂಬತ್ತು ದಿನ. “ಅಕ್ಕಾ, ಹದಿನೆಂಟು ಯೂರೊಗೆ ಸೆಮಿಸ್ಟರ್ ಹೋಗುತ್ತಾ?” ಎಂದು ತಮ್ಮ ರಾತ್ರಿ ಫೋನಿನಲ್ಲಿ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಆ 992ರ ಮೂಲ ಕೇಳಿ. ಅದನ್ನು ಯಾರೋ ಮಾರುಕಟ್ಟೆಯ ದರ ನೋಡಿ ಇಟ್ಟದ್ದಲ್ಲ. ಜರ್ಮನಿ ತನ್ನ ಬಡ ವಿದ್ಯಾರ್ಥಿಗಳಿಗೆ ಕೊಡುವ ಬಾಫೋಗ್ ಎಂಬ ನೆರವಿನ ಗರಿಷ್ಠ ಮೊತ್ತ ಅದು. ಮನೆಬಿಟ್ಟು ಇರುವ, ಸ್ವಂತ ಆರೋಗ್ಯ ವಿಮೆ ಕಟ್ಟುವ ವಿದ್ಯಾರ್ಥಿಗೆ ಮೂಲ ಖರ್ಚು 475, ಬಾಡಿಗೆಗೆ 380, ವಿಮೆಗೆ 137, ಒಟ್ಟು 992. ಅಲ್ಲಿನ ಹುಡುಗನಿಗೆ ಅಪ್ಪ ಅಮ್ಮನ ಆದಾಯ ನೋಡಿ ಈ ಹಣವನ್ನು ಸರ್ಕಾರ ತಿಂಗಳು ತಿಂಗಳು ಕೊಡುತ್ತದೆ. ಅರ್ಧ ಪೂರ್ತಿ ಮಾಫಿ, ಅರ್ಧ ಬಡ್ಡಿಯಿಲ್ಲದ ಸಾಲ. ತೀರಿಸುವುದು ಹೆಚ್ಚೆಂದರೆ 10,010 ಯೂರೊ. ತನ್ನ ಪ್ರಜೆಗೆ ನೆರವು ಕೊಡುವುದು, ನಮಗೆ ಕೊಡದಿರುವುದು ಅವರ ಇಷ್ಟ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಅಂಕಿಯೊಂದೇ ಇದ್ದು ಅದನ್ನು ನೋಡುವ ರೀತಿ ಎರಡಾಗಿದೆ. ಅಲ್ಲಿನವನಿಗೆ ಅದು ಮನೆಯ ಆದಾಯ ಲೆಕ್ಕ ಹಾಕಿ ತಿಂಗಳಿಗೊಮ್ಮೆ ಬರುವ ಹಣ. ನಮ್ಮವನಿಗೆ ಮನೆಯ ಆದಾಯವನ್ನು ಲೆಕ್ಕಕ್ಕೇ ಇಡದೆ ಹನ್ನೆರಡು ತಿಂಗಳದ್ದನ್ನು ಮುಂಗಡ ಹೂಡಬೇಕಾದ ಹಣ.

ಬೇರೆ ದಾರಿ ಇಲ್ಲವೇ ಎಂದರೆ ಕಾಗದದ ಮೇಲೆ ಇವೆ. ಜರ್ಮನಿಯ ವಿನಿಮಯ ಸಂಸ್ಥೆ ಡಿ.ಎ.ಎ.ಡಿ. ಕೊಡುವ ಪಟ್ಟಿಯಲ್ಲಿ ಪೋಷಕರ ಆದಾಯ ಮತ್ತು ಆಸ್ತಿಯ ದಾಖಲೆಯೂ ಒಂದು. ಆದರೆ ಯಾವುದು ನಡೆಯುತ್ತದೆ ಎಂದು ಹೇಳುವುದು ಆಯಾ ದೇಶದ ರಾಯಭಾರ ಕಚೇರಿ. ನಮ್ಮಲ್ಲಿ ನಡೆಯುವುದು ಮೂರು: ವಿದ್ಯಾರ್ಥಿವೇತನ, ಬ್ಲಾಕ್ಡ್ ಅಕೌಂಟ್, ಮತ್ತೆ ಪ್ರಾಯೋಜಕರ ಬಾಧ್ಯತಾ ಪತ್ರ. ಈ ಮೂರನೆಯದನ್ನು ಸಾಮಾನ್ಯವಾಗಿ ಜರ್ಮನಿಯಲ್ಲೇ ನೆಲೆಸಿರುವ ಬಂಧುವೋ ಪರಿಚಿತರೋ ತಮ್ಮೂರಿನ ವಿದೇಶಿಯರ ಕಚೇರಿಗೆ ಹೋಗಿ ಸಂಬಳದ ಚೀಟಿ ತೋರಿಸಿ ಬರೆದುಕೊಡುತ್ತಾರೆ. ನಮ್ಮೂರಿನ ಛಾಪಾಕಾಗದದ ಅಫಿಡವಿಟ್ ಅಲ್ಲ ಅದು. ಹುಡುಗನಿಗಾಗಿ ಸರ್ಕಾರ ಖರ್ಚು ಮಾಡಬೇಕಾಗಿ ಬಂದರೆ ಐದು ವರ್ಷದವರೆಗೆ ಅವರಿಂದ ವಸೂಲಿ ಮಾಡಬಹುದು. ಜರ್ಮನಿಯಲ್ಲಿ ಅಂಥ ಚಿಕ್ಕಪ್ಪ ಯಾರಿಗಿರುತ್ತಾನೆ? ಒಂದು ತಲೆಮಾರು ಮೊದಲೇ ಹೋದವರ ಮನೆಯ ಮಕ್ಕಳಿಗೆ.

“ದುಡ್ಡಿಲ್ಲದೆ ಹೋಗಿ ಅಲ್ಲಿ ಹಸಿದು ಕೂರುವುದಕ್ಕಿಂತ ಇದೇ ವಾಸಿ” ಎನ್ನುವವರಿದ್ದಾರೆ. ಒಪ್ಪುತ್ತೇನೆ. ಹಸಿವಿನಿಂದ ಕಾಯುವುದೇ ಉದ್ದೇಶವಾದರೆ ಆರು ತಿಂಗಳದ್ದನ್ನು ಮೊದಲು ತುಂಬಿಸಿ, ಉಳಿದದ್ದನ್ನು ಇಲ್ಲಿನ ಬ್ಯಾಂಕು ಮಂಜೂರು ಮಾಡಿದ ಸಾಲದ ಕಂತಿನಿಂದ ತುಂಬಲು ಬಿಟ್ಟರೂ ಸಾಕು. ತಿಂಗಳ ಖರ್ಚಿಗೆ ತಿಂಗಳ ಹಣ ಬರುತ್ತದೆಯೇ ಎಂದು ನೋಡಿದರಾಯಿತು. ಅಂದಹಾಗೆ ಹಣ ಅಡಗಿಸಿಟ್ಟೂ ಮೊದಲ ತಿಂಗಳ ಹಸಿವು ತಪ್ಪುವುದಿಲ್ಲ. ತಮ್ಮನಿಗೆ ವಿಳಾಸ ನೋಂದಣಿಗೆ ದಿನ ಸಿಕ್ಕಿ, ಖಾತೆ ತೆರೆದು, ಮೊದಲ 992 ಕೈಗೆ ಬರಲು ಐದು ವಾರ ಹಿಡಿಯಿತು. ಅಷ್ಟು ದಿನ ಅವನನ್ನು ನಡೆಸಿದ್ದು ಈ ಲೆಕ್ಕದಲ್ಲೇ ಇಲ್ಲದ, ಜೇಬಿನಲ್ಲಿ ಒಯ್ದಿದ್ದ ಹಣ.

ಆ ಸಾಲದ ಅಸಲು ತಮ್ಮನ ಓದು ಮುಗಿದು ಒಂದು ವರ್ಷದ ಮೇಲೆ ಶುರು. ಬಡ್ಡಿ ಮಾತ್ರ ಹಣ ಹೊರಟ ದಿನದಿಂದಲೇ ಏರುತ್ತಿದೆ. ಚಿನ್ನ ಇನ್ನೂ ಬ್ಯಾಂಕಿನಲ್ಲಿದೆ. ವೇದಿಕೆ ಹತ್ತುವ ಗುರುಗಳಲ್ಲಿ ನನ್ನದು ಒಂದೇ ಕೋರಿಕೆ. ‘ಉಚಿತ’ ಎಂಬ ಪದ ಹೇಳುವಾಗ ಅದೇ ಉಸಿರಿನಲ್ಲಿ 11,904 ಎಂಬ ಅಂಕಿಯನ್ನೂ ಹೇಳಿ. ಮುಂದಿನ ಸಾಲಿನ ಹುಡುಗರು ಬೇಕಾದರೆ ಆಮೇಲೆ ಚಪ್ಪಾಳೆ ತಟ್ಟಲಿ.